ಹೆಚ್ಚು ನೆಗೆದರೆ ಹೆಚ್ಚು ಎತ್ತರ ನೆಗೆಯಬಹುದೇ?

ಲಗ್ಗೆರೆ, ನಂದಿನಿ ಲೇಔಟ್, ರಾಜಾಜಿನಗರದ ಕಡೆ ಸಂಜೆ ವಾಲಿಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರನ್ನು ಮಾತಿಗೆಳೆದರೆ ಕೆಲವು ನಂಬಿಕೆಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ದಿನಾ ಇನ್ನೂರು ಸಲ ನೆಗೆದರೆ ಜಂಪ್ ತಾನಾಗಿಯೇ ಬರುತ್ತದೆ. ಜಿಮ್‌ನಲ್ಲಿ ಸ್ಕ್ವಾಟ್ ಹೊಡೆದರೆ ಕಾಲು ಭಾರವಾಗುತ್ತದೆ, ಬೆಳೆಯುವ ವಯಸ್ಸಾದರೆ ಎತ್ತರವೂ ನಿಂತುಹೋಗುತ್ತದೆ. ಮಂಡಿ ನೋವು ಬಂದರೆ ಅದು ಆಟ ಚೆನ್ನಾಗಿ ನಡೆಯುತ್ತಿರುವುದರ ಗುರುತು. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಶುರುವಾಗಿ ಬೆಂಗಳೂರು ಟಾರ್ಪಿಡೋಸ್ ತಂಡ ಬಂದ ಮೇಲೆ, 2023ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲೇ ಪಂದ್ಯಗಳು ನಡೆದ ಮೇಲೆ, 2.43 ಮೀಟರ್ ಎತ್ತರದ ನೆಟ್‌ನ ಮೇಲಿಂದ ಚೆಂಡು ಬಡಿಯುವ ಆಸೆ ಇನ್ನಷ್ಟು ಹುಡುಗರಿಗೆ ಹತ್ತಿದೆ. ಜೊತೆಗೆ 'ಎಂಟು ವಾರದಲ್ಲಿ ಒಂದು ಅಡಿ' ಎನ್ನುವ ವಿಡಿಯೋಗಳೂ ಬಂದಿವೆ.

ಈ ನಂಬಿಕೆಗಳಲ್ಲಿ ಎಷ್ಟು ನಿಜ ಎಂದು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಸಾಕು.

ನೆಲಕ್ಕೆ ಕೊಡುವ ಒತ್ತು

ನೀವು ನೆಗೆಯುವ ಮೊದಲು ಮಂಡಿ ಬಗ್ಗಿಸಿ ಕೆಳಗಿಳಿಯುತ್ತೀರಿ, ಆಮೇಲೆ ನೆಲವನ್ನು ಒತ್ತುತ್ತ ಮೇಲೇಳುತ್ತೀರಿ. ಅತಿ ಕೆಳಗಿನ ಹಂತದಿಂದ ಕಾಲು ನೆಲ ಬಿಡುವವರೆಗೆ ನಿಮ್ಮ ದೇಹ ಸುಮಾರು 40 ಸೆಂ.ಮೀ. ಮೇಲೇರುತ್ತದೆ ಎಂದುಕೊಳ್ಳಿ. ಗಾಳಿಯಲ್ಲಿ 50 ಸೆಂ.ಮೀ. ಏರಬೇಕಾದರೆ, ಆ 40 ಸೆಂ.ಮೀ. ಹಾದಿಯುದ್ದಕ್ಕೂ ನಿಮ್ಮ ಕಾಲು ನೆಲಕ್ಕೆ ಸರಾಸರಿ ಎಷ್ಟು ಬಲ ಕೊಡಬೇಕು? ಲೆಕ್ಕ ಸುಲಭ: ಏರಬೇಕಾದ ಎತ್ತರವನ್ನು ಒತ್ತುವ ಹಾದಿಯ ಉದ್ದದಿಂದ ಭಾಗಿಸಿ, ಒಂದು ಕೂಡಿಸಿ. 50ನ್ನು 40ರಿಂದ ಭಾಗಿಸಿದರೆ 1.25, ಒಂದು ಕೂಡಿಸಿದರೆ 2.25. ಅಂದರೆ ದೇಹದ ತೂಕದ ಎರಡೂಕಾಲು ಪಟ್ಟು. 60 ಸೆಂ.ಮೀ. ಏರಬೇಕಾದರೆ ಎರಡೂವರೆ ಪಟ್ಟು ಬೇಕು. ಇದೆಲ್ಲ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯಬೇಕು.

ಜಂಪ್ ಹೆಚ್ಚಿಸುವುದು ಎಂದರೆ ಇಷ್ಟೇ: ಅಷ್ಟೇ ಹಾದಿಯಲ್ಲಿ ಹೆಚ್ಚು ಬಲ ಕೊಡುವುದು, ಅದನ್ನು ಬೇಗ ಕೊಡುವುದು. ಬಲ ಹೆಚ್ಚಿಸಲು ಭಾರ ಎತ್ತಬೇಕು. ಬೇಗ ಕೊಡಲು ಪ್ಲಯೋಮೆಟ್ರಿಕ್ ಎಂದು ಕರೆಯುವ ನೆಗೆತದ ವ್ಯಾಯಾಮಗಳು ಬೇಕು. ಅವುಗಳಲ್ಲಿ ಸ್ನಾಯು ಮೊದಲು ಹಿಗ್ಗಿ, ತಕ್ಷಣವೇ ಕುಗ್ಗುತ್ತದೆ. ಎಳೆದು ಬಿಟ್ಟ ರಬ್ಬರ್ ಬ್ಯಾಂಡಿನಂತೆ ಸ್ನಾಯುರಜ್ಜು ಸ್ವಲ್ಪ ಶಕ್ತಿಯನ್ನು ವಾಪಸ್ ಕೊಡುತ್ತದೆ. ನಡುವೆ ತಡವಾದರೆ ಆ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ.

ಈಗ ಅದೇ ಲೆಕ್ಕವನ್ನು ತಿರುಗಿಸಿ. ಏರಿದ 50 ಸೆಂ.ಮೀ. ಇಳಿಯಲೇಬೇಕು. ಇಳಿದಾಗ ಸೊಂಟ, ಮಂಡಿ, ಪಾದದ ಕೀಲು ಮೂರನ್ನೂ ಬಗ್ಗಿಸಿ 40 ಸೆಂ.ಮೀ. ಹಾದಿಯಲ್ಲಿ ನಿಂತರೆ ಸರಾಸರಿ ಬಲ ಮತ್ತೆ ಎರಡೂಕಾಲು ಪಟ್ಟು. ಕಾಲನ್ನು ಕೋಲಿನಂತೆ ನೆಟ್ಟಗಿಟ್ಟುಕೊಂಡು ಬರೀ 10 ಸೆಂ.ಮೀ.ಯಲ್ಲಿ ನಿಂತರೆ? 50ನ್ನು 10ರಿಂದ ಭಾಗಿಸಿ ಒಂದು ಕೂಡಿಸಿ: ಆರು ಪಟ್ಟು. ಅದೂ ಸರಾಸರಿ ಮಾತ್ರ, ಕ್ಷಣಿಕ ಗರಿಷ್ಠ ಬಲ ಇನ್ನೂ ಹೆಚ್ಚು. 64 ಕೆ.ಜಿ. ತೂಕದ ಆಟಗಾರನ ಕಾಲುಗಳು ಪ್ರತಿ ಸಲವೂ ಸುಮಾರು 380 ಕೆ.ಜಿ.ಯಷ್ಟು ಭಾರ ತಡೆಯುತ್ತವೆ. ಹೀಗೆ ಲೆಕ್ಕ ಹಾಕಿದರೆ, ಸ್ಕ್ವಾಟ್ ಬಾರ್‌ನ 60 ಕೆ.ಜಿ.ಗೆ ಹೆದರುವವರು ದಿನಾ ಸಂಜೆ ಅದಕ್ಕಿಂತ ಎಷ್ಟೋ ದೊಡ್ಡ ಭಾರವನ್ನು ಯಾವ ಎಚ್ಚರಿಕೆಯೂ ಇಲ್ಲದೆ ಹೊರುತ್ತಿರುತ್ತಾರೆ.

ಇಳಿಯುವುದನ್ನು ಯಾಕೆ ಮೊದಲು ಕಲಿಯಬೇಕು?

1996ರಲ್ಲಿ ಅಮೆರಿಕದ ಟಿಮೊಥಿ ಹೆವೆಟ್ ಮತ್ತು ಸಂಗಡಿಗರು ಹೈಸ್ಕೂಲ್ ವಾಲಿಬಾಲ್ ಆಡುವ ಹುಡುಗಿಯರ ಸಣ್ಣ ಗುಂಪಿಗೆ ಆರು ವಾರ ತರಬೇತಿ ಕೊಟ್ಟರು. ಆರಂಭದ ಹಂತ ಪೂರ್ತಿ ನೆಗೆಯುವ ಮತ್ತು ಇಳಿಯುವ ವಿಧಾನ ತಿದ್ದುವುದಕ್ಕೇ ಮೀಸಲು. ಮುಗಿದ ಮೇಲೆ ಬ್ಲಾಕ್ ಮಾಡಿ ಇಳಿಯುವಾಗಿನ ಗರಿಷ್ಠ ಬಲ 22 ಶೇಕಡಾ ಇಳಿದಿತ್ತು. ನೆಗೆತದ ಎತ್ತರ ಸುಮಾರು 10 ಶೇಕಡಾ ಏರಿತ್ತು. ಗುಂಪು ಚಿಕ್ಕದು ಎಂಬುದನ್ನು ಮರೆಯಬಾರದು. ಆದರೆ ಇಳಿಯುವುದನ್ನು ಕಲಿಯಲು ಕೊಟ್ಟ ಸಮಯ ಎತ್ತರಕ್ಕೆ ನಷ್ಟವಾಗುತ್ತದೆ ಎಂಬ ಅನುಮಾನಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ಸರಿಯಾದ ಇಳಿತ ಹೇಗಿರುತ್ತದೆ? ಮುಂಗಾಲು ಮೊದಲು ನೆಲ ಮುಟ್ಟಿ, ಮರುಕ್ಷಣ ಹಿಮ್ಮಡಿ ಮೆಲ್ಲಗೆ ಕೂರುತ್ತದೆ. ಕುರ್ಚಿಯಲ್ಲಿ ಕೂರಲು ಹೊರಟವರಂತೆ ಸೊಂಟ ಹಿಂದಕ್ಕೆ ಹೋಗುತ್ತದೆ, ಎದೆ ಸ್ವಲ್ಪ ಮುಂದೆ ಬಾಗುತ್ತದೆ. ಮುಂದಿನಿಂದ ನೋಡಿದರೆ ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಎರಡು ಮಂಡಿಗಳೂ ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರವಾದರೆ ಅದು ಎಚ್ಚರಿಕೆಯ ಗಂಟೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ಇಂಥ ಭಂಗಿಯಲ್ಲೇ. ಹುಡುಗಿಯರಲ್ಲಿ ಈ ಪೆಟ್ಟು ಹುಡುಗರಿಗಿಂತ ಹೆಚ್ಚು ಕಾಣುತ್ತದೆ, ಹಾಗಾಗಿ ಅವರು ಈ ಭಾಗವನ್ನು ಹಾರಿಸಿ ಮುಂದೆ ಹೋಗಲೇಬಾರದು.

ಪರೀಕ್ಷಿಸಲು ಯಾವ ಉಪಕರಣವೂ ಬೇಡ, ಕಿವಿ ಸಾಕು. ಸದ್ದಾಗದಂತೆ ಇಳಿಯಿರಿ ಎಂದು ಹೇಳಿದಾಗ ನೆಲಕ್ಕೆ ಬೀಳುವ ಬಲ ಕಡಿಮೆಯಾಗುವುದನ್ನು ಪ್ರಯೋಗಗಳಲ್ಲಿ ಅಳೆದು ನೋಡಿದ್ದಾರೆ. 'ದಪ್' ಎಂದು ಕೇಳಿದರೆ ಹಾದಿ ಗಿಡ್ಡವಾಯಿತು ಎಂದೇ ಅರ್ಥ. ಸಿಮೆಂಟ್ ಅಂಗಳದಲ್ಲಿ ಆಡುವವರಿಗೆ ಇದು ಇನ್ನಷ್ಟು ಮುಖ್ಯ, ಮರದ ನೆಲದಂತೆ ಸಿಮೆಂಟ್ ಒಂದಿಷ್ಟೂ ಬಾಗಿಕೊಡುವುದಿಲ್ಲ. ಆದ್ದರಿಂದ ವ್ಯಾಯಾಮದ ನೆಗೆತಗಳನ್ನು ಮಣ್ಣಿನ ಅಥವಾ ಹುಲ್ಲಿನ ನೆಲದಲ್ಲಿ ಮಾಡುವುದೇ ವಾಸಿ. ಅಂಗಡಿಗಳ ಮೇಲಿನ ಮಹಡಿಯ ಜಿಮ್‌ಗಳಲ್ಲಿ ಟೈಲ್ಸ್ ಮೇಲೆ ನೆಗೆಯುವುದು ಜಾರುವುದಕ್ಕೆ ದಾರಿ. ಕೆಳಗಿನ ಅಂಗಡಿಯವರ ಬೈಗುಳ ಬೇರೆ.

ಎಷ್ಟು ನೆಗೆತ ಸಾಕು?

ಈ ವ್ಯಾಯಾಮಗಳ ಇತಿಹಾಸದಲ್ಲೇ ಗೊಂದಲದ ಬೀಜ ಇದೆ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಎತ್ತರದಿಂದ ಕೆಳಗಿಳಿದು, ನೆಲ ಮುಟ್ಟಿದ ಕೂಡಲೇ ಮತ್ತೆ ಮೇಲೆ ನೆಗೆಯುವ ವಿಧಾನವನ್ನು ಬೆಳೆಸಿದರು. ಇದನ್ನು ಡ್ರಾಪ್ ಜಂಪ್ ಅಥವಾ ಡೆಪ್ತ್ ಜಂಪ್ ಎನ್ನುತ್ತಾರೆ. ಅವರು ಹೇಳಿದ ಎತ್ತರಗಳು 75 ಸೆಂ.ಮೀ. ಮತ್ತು 110 ಸೆಂ.ಮೀ., ಅದೂ ವರ್ಷಗಟ್ಟಲೆ ಭಾರ ಎತ್ತಿ ಗಟ್ಟಿಯಾದ ಆಟಗಾರರಿಗೆ. ಪ್ಲಯೋಮೆಟ್ರಿಕ್ ಎಂಬ ಹೆಸರನ್ನು 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಬಳಕೆಗೆ ತಂದರು. ಹೆಸರೂ ಪ್ರಚಾರವೂ ದಾಟಿ ಬಂದವು, ವರ್ಷಗಟ್ಟಲೆ ಭಾರ ಎತ್ತಿರಬೇಕು ಎಂಬ ಷರತ್ತು ಹಿಂದೆಯೇ ಉಳಿಯಿತು. ಇವತ್ತಿಗೂ ಮೊದಲ ವಾರದಲ್ಲೇ ಟೇಬಲ್ ಎತ್ತರದಿಂದ ಹಾರಿಸುವ ವಿಡಿಯೋಗಳು ಸಿಗುತ್ತವೆ.

ಪ್ರಮಾಣದ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಸ್ಪ್ಯಾನಿಶ್ ಅಧ್ಯಯನ ಚೆನ್ನಾಗಿದೆ. ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಏಳು ವಾರ ಡ್ರಾಪ್ ಜಂಪ್ ಮಾಡಿದರು. ಒಂದು ಗುಂಪು ವಾರಕ್ಕೆ ಎರಡು ದಿನ, ಒಟ್ಟು 840 ನೆಗೆತ. ಇನ್ನೊಂದು ಗುಂಪು ವಾರಕ್ಕೆ ನಾಲ್ಕು ದಿನ, ಒಟ್ಟು 1680. ಮೊದಲನೆಯ ಗುಂಪಿನ ಜಂಪ್ ಸುಮಾರು 12 ಶೇಕಡಾ ಏರಿತು, ಎರಡನೆಯದು ಸುಮಾರು 18 ಶೇಕಡಾ. ಗುಂಪುಗಳು ಚಿಕ್ಕವಾದ್ದರಿಂದ ಸಂಶೋಧಕರು ಈ ಎರಡು ಫಲಿತಾಂಶಗಳನ್ನು ಸರಿಸಮಾನ ಎಂದೇ ಪರಿಗಣಿಸಿದರು. ಹೆಚ್ಚು ನೆಗೆದವರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು ಎಂದೇ ಇಟ್ಟುಕೊಂಡರೂ, ಎರಡು ಪಟ್ಟು ದುಡಿಮೆಗೆ ಎರಡು ಪಟ್ಟು ಕೂಲಿ ಸಿಗಲಿಲ್ಲ.

ನಮ್ಮ ಆಟಗಾರನಿಗೆ ಇನ್ನೊಂದು ವ್ಯತ್ಯಾಸವಿದೆ. ಪ್ರತಿ ಸ್ಮ್ಯಾಶ್, ಪ್ರತಿ ಬ್ಲಾಕ್, ಪ್ರತಿ ರಿಬೌಂಡ್ ಕೂಡ ಒಂದು ಪ್ಲಯೋಮೆಟ್ರಿಕ್ ನೆಗೆತವೇ. ತರಬೇತಿ ಪುಸ್ತಕಗಳು ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಸಲ ನೆಲ ಮುಟ್ಟುವುದು ಸಾಕು, ಎರಡು ಸರದಿಗಳ ನಡುವೆ 48ರಿಂದ 72 ಗಂಟೆ ಬಿಡುವಿರಲಿ ಎನ್ನುತ್ತವೆ. ಆದರೆ ಸಂಜೆಯ ಆಟದಲ್ಲೇ 80 ಸಲ ನೆಗೆಯುವವನು ಅದರ ಮೇಲೆ ಇನ್ನೂ 100 ಸೇರಿಸಿದರೆ ಅದು ಹೊಸಬರ ಪ್ರಮಾಣವಾಗಿ ಉಳಿಯುವುದಿಲ್ಲ. ಹಾಗಾಗಿ ಮೊದಲ ಕೆಲಸ ಎಣಿಕೆ. ಗೆಳೆಯನೊಬ್ಬನನ್ನು ಕೂರಿಸಿ ಒಂದು ಸಂಜೆ ನಿಮ್ಮ ನೆಗೆತಗಳನ್ನು ಗೀಟು ಹಾಕಿ ಎಣಿಸಲು ಹೇಳಿ.

ಎಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ಅಂಕಿಗಳಿವೆ. ಅಲ್ಲಿನ ಉನ್ನತ ಮಟ್ಟದ ಆಟಗಾರರಲ್ಲಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಾಲಿಬಾಲ್‌ನವರಲ್ಲಿ 45 ಶೇಕಡಾ, ಬ್ಯಾಸ್ಕೆಟ್‌ಬಾಲ್‌ನವರಲ್ಲಿ 32 ಶೇಕಡಾ ಜನರಿಗೆ 'ಜಂಪರ್ಸ್ ನೀ' ಇತ್ತು. ಮಂಡಿಚಿಪ್ಪಿನ ಕೆಳತುದಿಯಲ್ಲಿ ಸ್ನಾಯುರಜ್ಜು ಸವೆದು ಬರುವ ನೋವು ಇದು. ಇನ್ನೂ ವಿಚಿತ್ರವೆಂದರೆ, ಚೆನ್ನಾಗಿ ನೆಗೆಯುವವರಿಗೇ ಇದು ಹೆಚ್ಚಾಗಿ ಬರುತ್ತದೆ. ಎತ್ತರ ಹೋದವರು ಎತ್ತರದಿಂದಲೇ ಬೀಳಬೇಕಲ್ಲ. ಕೋಚ್ ಕೂಡ ಅವರಿಗೇ ಹೆಚ್ಚು ಚೆಂಡು ಎತ್ತಿ ಕೊಡಿಸುತ್ತಾರೆ.

ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆಯೇ?

ಇಲ್ಲ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಫಲಕ ಎಂಬ ಮೆದು ಭಾಗ ಇರುವುದು ನಿಜ. ಅದಕ್ಕೆ ಪೆಟ್ಟು ಬೀಳುವುದು ಭಾರ ಕೈಜಾರಿ ಬಿದ್ದಾಗ, ಯಾರೂ ನೋಡಿಕೊಳ್ಳದೆ ಮಿತಿಮೀರಿ ಎತ್ತಿದಾಗ. ಸರಿಯಾದ ವಿಧಾನದಲ್ಲಿ ಸ್ಕ್ವಾಟ್ ಮಾಡಿದ ಹದಿಹರೆಯದವರ ಎತ್ತರ ಕುಂಠಿತವಾದದ್ದಕ್ಕೆ ಪುರಾವೆ ಇಲ್ಲ. ಕಾಲು ಭಾರವಾಗುತ್ತದೆ ಎಂಬುದೂ ಅರ್ಧ ಸತ್ಯ. ಹತ್ತು ಹನ್ನೆರಡು ಸಲದಂತೆ ಸುಸ್ತಾಗುವವರೆಗೆ ಎತ್ತುತ್ತ, ಮರುದಿನವೇ ಆಡಲು ಹೋದರೆ ಕಾಲು ಭಾರವಾಗಿಯೇ ಇರುತ್ತದೆ. ಕಡಿಮೆ ಸಲ, ಹೆಚ್ಚು ಭಾರ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ ಇಟ್ಟುಕೊಂಡರೆ ಸ್ನಾಯು ಊದುವುದಕ್ಕಿಂತ ಹೆಚ್ಚಾಗಿ ಅದರ ಬಲ ಏರುತ್ತದೆ.

ಪ್ರತಿ ಸರದಿಯ ಕೊನೆಯಲ್ಲೂ ಇನ್ನೆರಡು ಎತ್ತಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಬೇಕು. ಕೆಳಗೆ ಹೋದಾಗ ಸೊಂಟ ಗೂನಾಗುತ್ತಿದ್ದರೆ, ಹಿಮ್ಮಡಿ ಎದ್ದರೆ, ಮಂಡಿ ಒಳಕ್ಕೆ ಬಾಗಿದರೆ ಭಾರ ಹೆಚ್ಚಾಯಿತು ಎಂದೇ ಅರ್ಥ. ಎಷ್ಟೋ ಜಿಮ್‌ಗಳಲ್ಲಿ ಬಾರ್ ಬಿದ್ದರೆ ತಡೆಯುವ ಅಡ್ಡ ಸರಳು ಇರುವ ರ‍್ಯಾಕ್ ಇರುವುದಿಲ್ಲ. ಅಂಥ ಕಡೆ ಒಬ್ಬರೇ ಭಾರೀ ಸ್ಕ್ವಾಟ್‌ಗೆ ಇಳಿಯಬೇಡಿ, ಸ್ಮಿತ್ ಮಷೀನ್ ಬಳಸಿದರೂ ನಡೆಯುತ್ತದೆ.

ಹನ್ನೆರಡು ವಾರದ ಒಂದು ಉದಾಹರಣೆ

ಒಬ್ಬ ಕಾಲ್ಪನಿಕ ಆಟಗಾರನನ್ನು ತೆಗೆದುಕೊಳ್ಳೋಣ. ವಯಸ್ಸು 18, ತೂಕ 64 ಕೆ.ಜಿ., ಜಂಪ್ 50 ಸೆಂ.ಮೀ. ಸ್ಕ್ವಾಟ್ 50 ಕೆ.ಜಿ. ಐದು ಸಲ. ಮಂಗಳವಾರ, ಗುರುವಾರ ಅಭ್ಯಾಸ, ಭಾನುವಾರ ಪಂದ್ಯ. ಎಣಿಸಿದಾಗ ಪ್ರತಿ ಸಲವೂ ಸುಮಾರು 80 ನೆಗೆತ ಸಿಕ್ಕಿತು, ಅಂದರೆ ವಾರಕ್ಕೆ 240.

ಅವನ ನೆಗೆತದ ವ್ಯಾಯಾಮ ಮಂಗಳವಾರ ಮತ್ತು ಗುರುವಾರ, ಮೈ ಬಿಸಿ ಮಾಡಿಕೊಂಡ ತಕ್ಷಣ, ಆಟಕ್ಕೆ ಮೊದಲು. ಸುಸ್ತಾದ ಮೇಲೆ ಮಾಡಿದ ನೆಗೆತ ನಿಧಾನವಾಗಿ ನೆಗೆಯುವುದನ್ನೇ ಕಲಿಸುತ್ತದೆ. ಭಾರ ಎತ್ತುವುದು ಮಂಗಳವಾರ ಆಟದ ನಂತರ, ಮತ್ತೆ ಶುಕ್ರವಾರ. ಸೋಮವಾರ, ಬುಧವಾರ, ಶನಿವಾರ ಕಾಲಿಗೆ ಪೂರ್ತಿ ಬಿಡುವು. ಶುಕ್ರವಾರದ ಭಾರಕ್ಕೂ ಭಾನುವಾರದ ಪಂದ್ಯಕ್ಕೂ ನಡುವೆ ಒಂದಿಡೀ ದಿನ ಸಿಗುತ್ತದೆ.

ಮೊದಲ ನಾಲ್ಕು ವಾರ ಇಳಿಯುವ ಪಾಠ. 30 ಸೆಂ.ಮೀ. ಎತ್ತರದ ಕಟ್ಟೆಯಿಂದ ಕಾಲು ಹೊರಗಿಟ್ಟು ಇಳಿದು, ಸದ್ದಿಲ್ಲದೆ ನಿಂತು, ಮೂರು ಎಣಿಸುವವರೆಗೆ ಅಲ್ಲಾಡದಿರುವುದು ಐದು ಸಲದಂತೆ ಮೂರು ಸರದಿ. ನಿಂತಲ್ಲಿಂದ ನೆಗೆದು ಹಾಗೆಯೇ ಇಳಿಯುವುದು ಮತ್ತೆ ಮೂರು ಸರದಿ. ಒಟ್ಟು 30. ಸ್ಕ್ವಾಟ್ 40 ಕೆ.ಜಿ.ಯಿಂದ ಶುರು, ಎಂಟು ಸಲದಂತೆ ಮೂರು ಸರದಿ, ವಾರಕ್ಕೆ ಎರಡೂವರೆ ಕೆ.ಜಿ. ಏರಿಕೆ. ಜೊತೆಗೆ ತೊಡೆಯ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್, ಮೀನಖಂಡಕ್ಕೆ ಹಿಮ್ಮಡಿ ಎತ್ತುವ ವ್ಯಾಯಾಮ.

ಐದರಿಂದ ಎಂಟನೇ ವಾರದವರೆಗೆ ಪೂರ್ತಿ ಬಲದ ನೆಗೆತ. ಸ್ಮ್ಯಾಶ್‌ಗೆ ಓಡಿಬರುವ ಹೆಜ್ಜೆಯಲ್ಲಿ ಬಂದು ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಮುಟ್ಟುವುದು ನಾಲ್ಕು ಸಲದಂತೆ ನಾಲ್ಕು ಸರದಿ. ಎರಡು ಕಾಲಿನಲ್ಲಿ ಮುಂದಕ್ಕೆ ಕುಪ್ಪಳಿಸುವುದು ಐದು ಸಲದಂತೆ ನಾಲ್ಕು ಸರದಿ. ಒಟ್ಟು 36. ಇದಕ್ಕೆ ಬದಲಾಗಿ ಅಭ್ಯಾಸಕ್ಕೆ ಮುಂಚಿನ ಸ್ಮ್ಯಾಶ್ ಸಾಲಿನಲ್ಲಿ ಹದಿನೈದು ನೆಗೆತ ಕಡಿಮೆ ಮಾಡುತ್ತಾನೆ. ಸರದಿಗಳ ನಡುವೆ ಎರಡು ಮೂರು ನಿಮಿಷ ಕೂರುತ್ತಾನೆ. ಬೆವರು ಬರಲಿಲ್ಲವಲ್ಲ ಎಂದು ಇಲ್ಲಿ ಯಾರೂ ಬೇಸರಪಡಬೇಕಿಲ್ಲ. ಮುಟ್ಟಿದ ಗುರುತು ಆ ದಿನದ ಅತಿ ಎತ್ತರದ ಗುರುತಿಗಿಂತ 5 ಸೆಂ.ಮೀ. ಕೆಳಗಿಳಿದರೆ ಲೆಕ್ಕ ಮುಗಿಯದಿದ್ದರೂ ಅಂದಿನ ನೆಗೆತ ಮುಗಿಯಿತು. ಸ್ಕ್ವಾಟ್ ಐದು ಸಲದಂತೆ ನಾಲ್ಕು ಸರದಿ, 52.5 ಕೆ.ಜಿ.ಯಿಂದ 60ರವರೆಗೆ.

ಒಂಬತ್ತರಿಂದ ಹನ್ನೊಂದನೇ ವಾರದಲ್ಲಿ ಡ್ರಾಪ್ ಜಂಪ್ ಬರುತ್ತದೆ, 30 ಸೆಂ.ಮೀ.ಯಿಂದ, ಐದು ಸಲದಂತೆ ನಾಲ್ಕು ಸರದಿ. ಜೊತೆಗೆ ಓಡಿಬಂದು ನೆಗೆಯುವುದು ಹತ್ತು ಸಲ. ಇಲ್ಲಿ ಪಾದ ನೆಲದಲ್ಲಿರುವ ಸಮಯ ಕಾಲು ಸೆಕೆಂಡಿಗಿಂತ ಕಡಿಮೆ ಇರಬೇಕು. ಬಿಸಿ ಹೆಂಚಿಗೆ ಕಾಲಿಟ್ಟಂತೆ ಅನ್ನಬಹುದು. ಇದು ಇಳಿದು ನಿಲ್ಲುವ ಪಾಠಕ್ಕೆ ವಿರುದ್ಧ ಅನ್ನಿಸಿದರೂ, ಈ ಡ್ರಾಪ್ ಜಂಪ್‌ನ ಕೊನೆಯ ಇಳಿತ ಮತ್ತೆ ಮೆತ್ತಗಿನದೇ. ಹಿಮ್ಮಡಿ 'ದಪ್' ಎಂದು ನೆಲಕ್ಕೆ ಬಡಿದರೆ, ಅಥವಾ ನೆಲದಲ್ಲಿ ಹೊತ್ತು ಹೆಚ್ಚಾಗಿ ನೆಗೆತ ಗಿಡ್ಡವಾದರೆ ಕಟ್ಟೆ ಎತ್ತರವಾಯಿತು ಎಂದರ್ಥ, 20 ಸೆಂ.ಮೀ.ಗೆ ಇಳಿಸಬೇಕು. ಸ್ಕ್ವಾಟ್ ಮೂರು ಸಲದಂತೆ ನಾಲ್ಕು ಸರದಿ, 65ರಿಂದ 70 ಕೆ.ಜಿ. ದೊಡ್ಡ ಎತ್ತರದ ಡ್ರಾಪ್ ಜಂಪ್‌ಗೆ ದೇಹದ ತೂಕದ ಒಂದೂವರೆ ಪಟ್ಟು ಸ್ಕ್ವಾಟ್ ಬರಬೇಕು ಎಂಬ ಹಳೆಯ ರೂಢಿಯ ನಿಯಮದಂತೆ ಇವನಿಗೆ 96 ಕೆ.ಜಿ. ಬೇಕಿತ್ತು. ಅಲ್ಲಿಗೆ ಅವನು ಇನ್ನೂ ಬಂದಿಲ್ಲ, ಆದ್ದರಿಂದಲೇ ಅವನ ಕಟ್ಟೆ 30ರಲ್ಲೇ ನಿಲ್ಲುತ್ತದೆ.

ಹನ್ನೆರಡನೇ ವಾರ ಎಲ್ಲವೂ ಅರ್ಧ. ಆ ವಾರದ ಕೊನೆಗೆ ಅಳತೆ.

ಎಷ್ಟು ಏರಬಹುದು, ಹೇಗೆ ಅಳೆಯುವುದು?

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಗೊರಾನ್ ಮಾರ್ಕೊವಿಚ್ 2007ರಲ್ಲಿ ಲೆಕ್ಕ ಹಾಕಿದಾಗ, ಪ್ಲಯೋಮೆಟ್ರಿಕ್ ತರಬೇತಿಯಿಂದ ಮಂಡಿ ಬಗ್ಗಿಸಿ ನೆಗೆಯುವ ಜಂಪ್ ಸರಾಸರಿ 8.7 ಶೇಕಡಾ ಏರಿತ್ತು. ನಮ್ಮ ಆಟಗಾರನಿಗೆ ಅದು ಸುಮಾರು 4 ಸೆಂ.ಮೀ. ಭಾರವೂ ಸೇರಿದರೆ ಇನ್ನಷ್ಟು ಸಿಗಬಹುದು. ಒಂದು ಅಡಿ ಎಂದರೆ 30 ಸೆಂ.ಮೀ., ಅಂದರೆ 60 ಶೇಕಡಾ ಏರಿಕೆ. ಎಂಟು ವಾರದಲ್ಲಿ ಅಷ್ಟು ಕೊಡುತ್ತೇನೆನ್ನುವವರ ವಿಡಿಯೋಗೆ ದುಡ್ಡು ಕೊಡುವ ಮೊದಲು ಈ ಅಂಕಿ ನೆನಪಿರಲಿ.

4 ಸೆಂ.ಮೀ. ಹಿಡಿಯಬೇಕಾದರೆ ಅಳತೆಯೂ ನಯವಾಗಿರಬೇಕು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುವಂತೆ ಪಾದಗಳನ್ನು ಚಿತ್ರೀಕರಿಸಿ, ಕಾಲು ನೆಲ ಬಿಟ್ಟಾಗಿನಿಂದ ಮುಟ್ಟುವವರೆಗೆ ಚಿತ್ರಗಳನ್ನು ಎಣಿಸಿ, 240ರಿಂದ ಭಾಗಿಸಿದರೆ ಗಾಳಿಯಲ್ಲಿದ್ದ ಸಮಯ t ಸೆಕೆಂಡಿನಲ್ಲಿ ಸಿಗುತ್ತದೆ. ಎತ್ತರ ಮೀಟರ್‌ನಲ್ಲಿ ಹೀಗೆ:

```
h = 1.226 × t × t
```

153 ಚಿತ್ರ ಸಿಕ್ಕರೆ t 0.64, ಎತ್ತರ 0.50 ಮೀಟರ್. ಒಂದು ಚಿತ್ರ ಆಚೀಚೆಯಾದರೆ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆ, ಪರವಾಗಿಲ್ಲ. ಮಾಮೂಲಿ 30 ಚಿತ್ರದ ವಿಡಿಯೋದಲ್ಲಿ ಅದೇ ತಪ್ಪು 5 ಸೆಂ.ಮೀ. ಆಗುತ್ತದೆ, ಇಡೀ ಹನ್ನೆರಡು ವಾರದ ಲಾಭಕ್ಕಿಂತ ಹೆಚ್ಚು. ಈ ಅಳತೆಯಲ್ಲಿ ಮಾತ್ರ ನೆಲ ಮುಟ್ಟುವ ಕ್ಷಣದವರೆಗೆ ಕಾಲು ನೀಟಾಗಿರಬೇಕು, ಮುಟ್ಟಿದ ಮೇಲೆ ಬಗ್ಗಿಸಬೇಕು. ಗಾಳಿಯಲ್ಲೇ ಮಂಡಿ ಮಡಚಿದರೆ ಸಮಯ ಹೆಚ್ಚಾಗಿ ಸುಳ್ಳು ಎತ್ತರ ಬರುತ್ತದೆ.

ನೋವು ಬಂದರೆ

ಮಂಡಿಚಿಪ್ಪಿನ ಕೆಳಗೆ ಒಂದೇ ಬೆರಳಿನಲ್ಲಿ ಮುಟ್ಟಿ ತೋರಿಸಬಹುದಾದ ನೋವು, ಆಟದ ಶುರುವಿನಲ್ಲಿ ಕಾಡಿ, ಮೈ ಬಿಸಿಯಾದಂತೆ ಮಾಯವಾಗಿ, ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗ ಮತ್ತೆ ಬರುತ್ತದೆ. ಇದು ಜಂಪರ್ಸ್ ನೀಯ ಲಕ್ಷಣ. ಆಟದ ನಡುವೆ ಮಾಯವಾಗುವುದರಿಂದಲೇ ಹುಡುಗರು ಮೋಸಹೋಗುತ್ತಾರೆ. ಆದ್ದರಿಂದ ಅಳೆಯಬೇಕಾದ್ದು ಮರುದಿನದ ಬೆಳಗ್ಗೆ: ನೋಯುವ ಒಂದೇ ಕಾಲಿನಲ್ಲಿ ನಿಂತು ಸ್ವಲ್ಪ ಕುಕ್ಕರಿಸಿ, ನೋವಿಗೆ ಹತ್ತಕ್ಕೆ ಅಂಕ ಕೊಡಿ. ಮೂರರೊಳಗಿದ್ದು ದಿನದಿಂದ ದಿನಕ್ಕೆ ಏರದಿದ್ದರೆ ಮುಂದುವರಿಯಬಹುದು. ಮೂರು ದಾಟಿದರೆ ಆ ವಾರದ ನೆಗೆತಗಳನ್ನು ಅರ್ಧಕ್ಕಿಳಿಸಿ, ಡ್ರಾಪ್ ಜಂಪ್ ಪೂರ್ತಿ ಬಿಡಿ. ಭಾರ ಎತ್ತುವುದನ್ನು ಮಾತ್ರ ಬಿಡಬೇಡಿ, ನಿಧಾನವಾಗಿ ಎತ್ತಿ. ಸ್ನಾಯುರಜ್ಜು ಪೂರ್ತಿ ವಿಶ್ರಾಂತಿಯಲ್ಲಿ ಇನ್ನಷ್ಟು ಸೊರಗುತ್ತದೆ. ಲೆಗ್ ಎಕ್ಸ್‌ಟೆನ್ಷನ್ ಮಷೀನಿನಲ್ಲಿ ಕಾಲನ್ನು ಅಲ್ಲಾಡಿಸದೆ 45 ಸೆಕೆಂಡ್ ಹಿಡಿದಿಡುವುದನ್ನು ಐದು ಸಲ ಮಾಡಿದರೆ ವಾಲಿಬಾಲ್ ಆಟಗಾರರ ನೋವು ತಾತ್ಕಾಲಿಕವಾಗಿ ತಗ್ಗಿದ್ದು 2015ರ ಒಂದು ಅಧ್ಯಯನದಲ್ಲಿ ಕಂಡಿದೆ.

ಹನ್ನೆರಡರಿಂದ ಹದಿನೈದು ವಯಸ್ಸಿನ ಮಕ್ಕಳಲ್ಲಿ ನೋವು ಇನ್ನೂ ಕೆಳಗೆ, ಮೊಳಕಾಲಿನ ಮೂಳೆಯ ಉಬ್ಬಿನ ಮೇಲೆ ಬಂದು, ಆ ಉಬ್ಬು ದಪ್ಪಗಾದರೆ ಅದು ಬೆಳವಣಿಗೆಯ ಕಾಲದ ಬೇರೆಯೇ ತೊಂದರೆ. ಅಲ್ಲಿ ನೆಗೆತ ಕಡಿಮೆ ಮಾಡಿ ವೈದ್ಯರಿಗೆ ತೋರಿಸಬೇಕು. ಮಂಡಿ ಒಮ್ಮೆಲೇ ಊದಿಕೊಂಡರೆ, ನಡೆಯುವಾಗ ಸಿಕ್ಕಿಹಾಕಿಕೊಂಡರೆ, ಅಥವಾ 'ಟಪ್' ಎಂದ ಸದ್ದಿನ ಜೊತೆ ಕೈಕೊಟ್ಟಂತೆ ಕುಸಿದರೆ ಯಾವ ವಯಸ್ಸಿನವರಾದರೂ ಆ ದಿನವೇ ಆಟ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಬೇಕು. ಎಣ್ಣೆ ಹಾಕಿ ತಿಕ್ಕಿಸಿಕೊಂಡು ಭಾನುವಾರದ ಪಂದ್ಯಕ್ಕೆ ಇಳಿಯುವ ನೋವಲ್ಲ ಅದು.